ಹಾಕಿದ ಹಣಕ್ಕೋ, ದುಡಿದ ಮೈಗೋ: ಲಾಭದ ಪಾಲಿನ ಲೆಕ್ಕ

ಪಾಲುದಾರರು ಯಾರಿಗೆ ಎಷ್ಟು ಲಾಭ ಎಂಬ ಮಾತನ್ನು ಮೊದಲೇ ಆಡಿಕೊಳ್ಳದಿದ್ದರೆ, ಆ ಮಾತನ್ನು ಅವರ ಪರವಾಗಿ ಕಾನೂನೇ ಆಡುತ್ತದೆ. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 13ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಪಾಲುದಾರರು ಲಾಭವನ್ನು ಸಮವಾಗಿ ಹಂಚಿಕೊಳ್ಳಬೇಕು, ನಷ್ಟವನ್ನೂ ಸಮವಾಗಿ ಹೊರಬೇಕು. ಒಬ್ಬ ಹನ್ನೆರಡು ಲಕ್ಷ ಹಾಕಿದ, ಇನ್ನೊಬ್ಬ ಮೂರು ಲಕ್ಷ ಹಾಕಿದ ಎಂಬುದರಿಂದ ಈ ಸಮಪಾಲು ಬದಲಾಗುವುದಿಲ್ಲ. ಒಬ್ಬ ಹಗಲಿರುಳು ದುಡಿದ, ಇನ್ನೊಬ್ಬ ತಿಂಗಳಿಗೊಮ್ಮೆ ಬಂದುಹೋದ ಎಂಬುದರಿಂದಲೂ ಬದಲಾಗುವುದಿಲ್ಲ. ವಾಣಿಜ್ಯ ಕಾನೂನಿನ ವಿದ್ಯಾರ್ಥಿಗಳು ಪರೀಕ್ಷೆಗೆ ಓದುವಾಗ ಈ ನಿಯಮ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಅದು ಯಾರ ಜೇಬಿಗೆ ಎಷ್ಟು ತುಂಬುತ್ತದೆ, ಯಾರ ಜೇಬಿನಿಂದ ಎಷ್ಟು ಕೀಳುತ್ತದೆ ಎಂಬುದು ಒಂದು ಕಥೆಯ ಒಳಗೆ ಇಟ್ಟಾಗ ಮಾತ್ರ ಸರಿಯಾಗಿ ಕಾಣುತ್ತದೆ. ಮುಂದಿನ ಕಥೆ ಅಭ್ಯಾಸಕ್ಕಾಗಿಯೇ ಕಟ್ಟಿದ್ದು. ಅದರ ಅಣ್ಣತಮ್ಮಂದಿರು ಕಲ್ಪಿತರು, ಕಾನೂನು ಮಾತ್ರ ನಿಜವಾದದ್ದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಅಲ್ಲಿನ ಒಂದು ಮನೆತನದ ಇಬ್ಬರು ಹುಡುಗರು, ದೊಡ್ಡಪ್ಪನ ಮಗ ಮತ್ತು ಚಿಕ್ಕಪ್ಪನ ಮಗ, ಕೂಡಿ ಒಂದು ಮರದ ಗಾಣ ಹಾಕಲು ತೀರ್ಮಾನಿಸುತ್ತಾರೆ. ಎತ್ತಿನ ಗಾಣವಲ್ಲ, ಮೋಟಾರಿನಲ್ಲಿ ತಿರುಗುವ ಗಾಣ. ದೊಡ್ಡವನು ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿದ್ದಾನೆ, ಕೈಯಲ್ಲಿ ಉಳಿತಾಯವಿದೆ. ಚಿಕ್ಕವನು ಏಳೆಂಟು ವರ್ಷ ಬೇರೆಯವರ ಎಣ್ಣೆ ಮಿಲ್ಲಿನಲ್ಲಿ ದುಡಿದವನು. ಯಾವ ಕಾಳು ಎಷ್ಟು ಎಣ್ಣೆ ಬಿಡುತ್ತದೆ, ಹಿಂಡಿಯನ್ನು ಯಾರಿಗೆ ಮಾರಬೇಕು, ಮಂಡಿಯಲ್ಲಿ ಯಾವಾಗ ದರ ಇಳಿಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಣ್ಣ 12 ಲಕ್ಷ ರೂಪಾಯಿ, ತಮ್ಮ 3 ಲಕ್ಷ ರೂಪಾಯಿ ಬಂಡವಾಳ ಹಾಕುವುದೆಂದು ಮಾತಾಗುತ್ತದೆ. ಪತ್ರ ಬರೆಸುವ ವಿಚಾರ ಬಂದಾಗ ತಮ್ಮ, “ನಮ್ಮನಮ್ಮಲ್ಲಿ ಪತ್ರ ಯಾಕಣ್ಣ, ನೋಡಿದವರು ಏನಂದಾರು?” ಎನ್ನುತ್ತಾನೆ. ಅಣ್ಣನಿಗೂ ಅದು ಸರಿ ಎನಿಸುತ್ತದೆ. ಏಪ್ರಿಲ್ 1ರಂದು ಪೂಜೆ ಮಾಡಿ ಗಾಣ ಶುರು ಮಾಡುತ್ತಾರೆ.

ಇಲ್ಲಿಗೇ ಅವರ ನಡುವೆ ಪಾಲುದಾರಿಕೆ ಹುಟ್ಟಿತು. ಕಾಯಿದೆಯ 4ನೇ ಕಲಂ ಪತ್ರವನ್ನು ಕೇಳುವುದಿಲ್ಲ. ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಕೆಲವರು, ಒಂದು ವ್ಯಾಪಾರ ನಡೆಸಿ ಅದರ ಲಾಭವನ್ನು ಹಂಚಿಕೊಳ್ಳುವ ಒಪ್ಪಂದ ಇದ್ದರೆ ಸಾಕು. ಬಾಯಿಮಾತಿನ ಒಪ್ಪಂದಕ್ಕೂ ಅಷ್ಟೇ ಬೆಲೆ. ಒಂದೇ ಮನೆತನದವರಾದ್ದರಿಂದ ಇದನ್ನು ಅವಿಭಕ್ತ ಕುಟುಂಬದ ವ್ಯಾಪಾರ ಎಂದು ನೆಂಟರಿಷ್ಟರು ಭಾವಿಸಬಹುದು. ಆದರೆ 5ನೇ ಕಲಂ ಈ ಎರಡನ್ನೂ ಬೇರೆಬೇರೆ ಇಡುತ್ತದೆ. ಪಾಲುದಾರಿಕೆ ಹುಟ್ಟುವುದು ಒಪ್ಪಂದದಿಂದಲೇ ಹೊರತು ಹುಟ್ಟಿನಿಂದ ಬರುವ ಸ್ಥಾನದಿಂದಲ್ಲ. ಗಾಣಕ್ಕೆ ಬಿದ್ದದ್ದು ಇಬ್ಬರ ಸ್ವಂತ ಹಣ, ನಡೆದದ್ದು ಇಬ್ಬರ ಮಾತಿನ ಮೇಲೆ. ಆದ್ದರಿಂದ ಹಿರಿಯರ ಆಸ್ತಿ ಹಂಚುವ ಲೆಕ್ಕವನ್ನು ಇಲ್ಲಿಗೆ ತರುವಂತಿಲ್ಲ.

ಅಕ್ಟೋಬರಿನಲ್ಲಿ ಮುಂಗಾರಿನ ಶೇಂಗಾ ಮಂಡಿಗೆ ಬಂದು ದರ ಇಳಿಯುತ್ತದೆ. ಒಮ್ಮೆಗೇ ಹೆಚ್ಚು ಸರಕು ಕೊಂಡಿಟ್ಟರೆ ಒಳ್ಳೆಯದೆಂದು ತಮ್ಮ ಹೇಳಿದಾಗ, ಅಕ್ಟೋಬರ್ 1ರಂದು ಅಣ್ಣ ಮತ್ತೆ 2 ಲಕ್ಷ ಕಳುಹಿಸುತ್ತಾನೆ. ತಮ್ಮ ತನ್ನ ಮನೆಖರ್ಚಿಗೆಂದು ತಿಂಗಳಿಗೆ 15,000 ರೂಪಾಯಿಯಂತೆ ವರ್ಷವಿಡೀ ಗಲ್ಲಾದಿಂದ ತೆಗೆದುಕೊಳ್ಳುತ್ತಾನೆ. ಲೆಕ್ಕ ಬರೆಯುವವರು ಅದನ್ನು ತಮ್ಮನ ಹೆಸರಿನ ಡ್ರಾಯಿಂಗ್ಸ್ ಖಾತೆಯಲ್ಲಿ ಬರೆಯುತ್ತಾರೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿದಾಗ ಎಲ್ಲ ಖರ್ಚು, ಯಂತ್ರದ ಸವಕಳಿ, ಸಂಸ್ಥೆಯ ತೆರಿಗೆ ಕಳೆದು 5,46,000 ರೂಪಾಯಿ ಉಳಿದಿರುತ್ತದೆ. ಮೊದಲ ವರ್ಷಕ್ಕೆ ಒಳ್ಳೆಯ ಲಾಭವೇ. ಜಗಳ ಹುಟ್ಟುವುದೂ ಅಲ್ಲಿಂದಲೇ.

ಅಣ್ಣನ ವಾದ ನೇರವಾಗಿದೆ. ಹದಿನೈದು ಲಕ್ಷದಲ್ಲಿ ಹನ್ನೆರಡು ಲಕ್ಷ ತನ್ನದು, ಅಂದರೆ ನೂರಕ್ಕೆ ಎಂಬತ್ತು. ಲಾಭವೂ ಎಂಬತ್ತು ಇಪ್ಪತ್ತರಂತೆ ಹಂಚಿಕೆಯಾಗಬೇಕು. ನಡುವೆ ಹಾಕಿದ ಎರಡು ಲಕ್ಷವನ್ನು ಸೇರಿಸಿದರೆ ತನ್ನ ಪಾಲು ಇನ್ನೂ ಹೆಚ್ಚಾಗಬೇಕು. “ನನ್ನ ದುಡ್ಡು ಬ್ಯಾಂಕಿನಲ್ಲಿದ್ದರೂ ಬಡ್ಡಿ ಹುಟ್ಟುತ್ತಿತ್ತು ಕಣೋ” ಎನ್ನುತ್ತಾನೆ. ತಮ್ಮನ ವಾದಕ್ಕೂ ಅಷ್ಟೇ ತೂಕವಿದೆ. “ನಾನು ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೀತೀನಣ್ಣ. ಬೇರೆಯವರ ಮಿಲ್ಲಿನಲ್ಲಿದ್ದಿದ್ದರೆ ತಿಂಗಳಿಗೆ ಇಪ್ಪತ್ತು ಸಾವಿರ ಸಂಬಳ ಬರುತ್ತಿತ್ತು. ಮೊದಲು ಅದನ್ನು ತೆಗೆದಿಟ್ಟು ಉಳಿದದ್ದನ್ನು ಅರ್ಧರ್ಧ ಮಾಡೋಣ” ಎನ್ನುತ್ತಾನೆ.

ಎರಡು ವಾದಗಳ ನಡುವಿನ ಅಂತರವನ್ನು ರೂಪಾಯಿಯಲ್ಲಿ ನೋಡಬೇಕು. ಎರಡು ಲಕ್ಷದ ವಿಷಯ ಮುಂದೆ ಬರುತ್ತದೆ, ಅದಕ್ಕೆ 6,000 ರೂಪಾಯಿ ತೆಗೆದಿಟ್ಟರೆ ಹಂಚಲು ಉಳಿಯುವುದು 5,40,000. ಅಣ್ಣನ ಲೆಕ್ಕದಲ್ಲಿ ಅವನಿಗೆ 4,32,000, ತಮ್ಮನಿಗೆ 1,08,000. ತಮ್ಮನ ಲೆಕ್ಕದಲ್ಲಿ ಮೊದಲು ಅವನ ವರ್ಷದ ಸಂಬಳ 2,40,000 ಹೋಗಿ, ಉಳಿದ ಮೂರು ಲಕ್ಷದಲ್ಲಿ ಇಬ್ಬರಿಗೂ ಒಂದೂವರೆ ಲಕ್ಷ. ಅಂದರೆ ತಮ್ಮನಿಗೆ 3,90,000, ಅಣ್ಣನಿಗೆ 1,50,000. ಇಬ್ಬರೂ ಪ್ರಾಮಾಣಿಕರೇ. ಸುಳ್ಳು ಲೆಕ್ಕ ಯಾರೂ ಬರೆದಿಲ್ಲ. ಹೀಗಿದ್ದೂ ಒಬ್ಬೊಬ್ಬನ ಪಾಲಿನಲ್ಲಿ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚಿನ ವ್ಯತ್ಯಾಸ.

13ನೇ ಕಲಂ ಇಬ್ಬರಿಗೂ ಕೇಳಿದ್ದನ್ನು ಕೊಡುವುದಿಲ್ಲ. ಅದರ ಮೊದಲ ಉಪಕಲಂ ಪ್ರಕಾರ ವ್ಯಾಪಾರ ನಡೆಸಿದ್ದಕ್ಕಾಗಿ ಪಾಲುದಾರನಿಗೆ ಸಂಬಳ ಕೇಳುವ ಹಕ್ಕಿಲ್ಲ. ಹೀಗೇಕೆಂದರೆ, ಕಾನೂನಿನ ದೃಷ್ಟಿಯಲ್ಲಿ ಪಾಲುದಾರ ಸಂಸ್ಥೆಯ ನೌಕರನಲ್ಲ, ಅದರ ಒಡೆಯರಲ್ಲಿ ಒಬ್ಬ. ತನ್ನ ವ್ಯಾಪಾರವನ್ನು ಶ್ರದ್ಧೆಯಿಂದ ನೋಡಿಕೊಳ್ಳುವುದು 12ನೇ ಕಲಂ ಪ್ರಕಾರ ಅವನ ಕರ್ತವ್ಯವೇ ಆಗಿದೆ. ಅದರ ಪ್ರತಿಫಲ ಲಾಭದ ಪಾಲಿನ ರೂಪದಲ್ಲಿ ಬರುತ್ತದೆ. ಎರಡನೆಯ ಉಪಕಲಂ ಸಮಪಾಲನ್ನು ಹೇಳುತ್ತದೆ. ಮೂರನೆಯದು ಬಂಡವಾಳದ ಮೇಲಿನ ಬಡ್ಡಿಯ ಬಗ್ಗೆ. ಬಡ್ಡಿ ಕೊಡುವುದೆಂದು ಒಪ್ಪಿಕೊಂಡಿದ್ದರೆ ಮಾತ್ರ ಅದು ಸಿಗುತ್ತದೆ, ಅದೂ ಲಾಭ ಬಂದಿದ್ದರೆ ಮಾತ್ರ. ಇಲ್ಲಿ ಅಂಥ ಒಪ್ಪಂದವಿಲ್ಲ, ಹಾಗಾಗಿ ಅಣ್ಣನ ಹನ್ನೆರಡು ಲಕ್ಷಕ್ಕೆ ಬಡ್ಡಿಯಿಲ್ಲ. 5,40,000 ರೂಪಾಯಿ ಎರಡು ಸಮಭಾಗವಾಗಿ ಇಬ್ಬರಿಗೂ 2,70,000 ಬರುತ್ತದೆ. ತಮ್ಮ ಈಗಾಗಲೇ 1,80,000 ತೆಗೆದುಕೊಂಡಿರುವುದರಿಂದ ಅವನಿಗೆ ಉಳಿಯುವುದು 90,000.

ಈ ಸಮಪಾಲಿನ ನಿಯಮ ಭಾರತದಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳು ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ಗಟ್ಟಿಮಾಡಿದ್ದವು. 1855ರ ರಾಬಿನ್‌ಸನ್ ಮತ್ತು ಆಂಡರ್ಸನ್ ಪ್ರಕರಣದಲ್ಲಿ ಇಬ್ಬರು ವಕೀಲರು ಜೊತೆಯಾಗಿ ಕೆಲವು ದಾವೆಗಳನ್ನು ಹಿಡಿದಿದ್ದರು. ಕೆಲಸ ಇಬ್ಬರಲ್ಲಿ ಸಮನಾಗಿ ಹಂಚಿಕೆಯಾಗಿರಲಿಲ್ಲ. ಶುಲ್ಕ ಹಂಚಿಕೊಳ್ಳುವ ಬಗ್ಗೆ ಒಪ್ಪಂದವೂ ಇರಲಿಲ್ಲ. ನ್ಯಾಯಾಲಯ ಅವರ ಲಾಭವನ್ನು ಸಮವಾಗಿಯೇ ಹಂಚಿತು. ಈ ನಿಲುವಿನ ಹಿಂದೆ ಒಂದು ಪ್ರಾಯೋಗಿಕ ವಿವೇಕವಿದೆ. ಒಬ್ಬನ ಹಣ, ಇನ್ನೊಬ್ಬನ ಕಸುಬು, ಮತ್ತೊಬ್ಬನ ಹೆಸರು, ಮಂಡಿಯಲ್ಲಿರುವ ಪರಿಚಯ, ಇವೆಲ್ಲಕ್ಕೂ ವರ್ಷ ಕಳೆದ ಮೇಲೆ ಬೆಲೆ ಕಟ್ಟಲು ನ್ಯಾಯಾಧೀಶರ ಬಳಿ ಯಾವ ತಕ್ಕಡಿಯೂ ಇಲ್ಲ. ಆ ಬೆಲೆಯನ್ನು ಪಾಲುದಾರರೇ ಕಟ್ಟಿಕೊಳ್ಳಲಿ, ಕಟ್ಟಿಕೊಳ್ಳದಿದ್ದರೆ ಎಲ್ಲರನ್ನೂ ಸಮಾನರೆಂದು ತಿಳಿಯೋಣ ಎಂಬುದು ಕಾನೂನಿನ ದಾರಿ. ಇದು ಪ್ರತಿ ಪ್ರಕರಣದಲ್ಲೂ ನ್ಯಾಯವೆನಿಸಲಿಕ್ಕಿಲ್ಲ, ಆದರೆ ಮುಂಚೆಯೇ ಎಲ್ಲರಿಗೂ ಗೊತ್ತಿರುವ ನಿಯಮ ಎಂಬ ಗುಣ ಅದಕ್ಕಿದೆ.

ನಡುವೆ ಬಂದ ಎರಡು ಲಕ್ಷದ ಕಥೆ ಬೇರೆ. ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲೇ. ಅಣ್ಣ ಹಾಕುವುದೆಂದು ಒಪ್ಪಿಕೊಂಡ ಬಂಡವಾಳ 12 ಲಕ್ಷ ಮಾತ್ರ. ಅದನ್ನು ಮೀರಿ ವ್ಯಾಪಾರಕ್ಕೆಂದು ಕೊಟ್ಟ ಹಣವನ್ನು ಕಾಯಿದೆ ಬಂಡವಾಳ ಎನ್ನುವುದಿಲ್ಲ, ಮುಂಗಡ ಎನ್ನುತ್ತದೆ. ಅಂದರೆ ಆ ಮಟ್ಟಿಗೆ ಅಣ್ಣ ಸಂಸ್ಥೆಗೆ ಸಾಲ ಕೊಟ್ಟವನಾಗುತ್ತಾನೆ. ಇದಕ್ಕೆ ವರ್ಷಕ್ಕೆ ಶೇಕಡಾ 6ರಂತೆ ಬಡ್ಡಿ ಕೇಳುವ ಹಕ್ಕನ್ನು 13ನೇ ಕಲಂನ ನಾಲ್ಕನೆಯ ಉಪಕಲಂ ಕೊಡುತ್ತದೆ. ಆರು ತಿಂಗಳಿಗೆ ಎರಡು ಲಕ್ಷಕ್ಕೆ ಆಗುವುದು 6,000 ರೂಪಾಯಿ. ಬಂಡವಾಳದ ಬಡ್ಡಿಗೂ ಮುಂಗಡದ ಬಡ್ಡಿಗೂ ಮುಖ್ಯವಾದ ಒಂದು ಭೇದವಿದೆ: ಮೊದಲನೆಯದು ಒಪ್ಪಂದವಿದ್ದರೆ, ಲಾಭವಿದ್ದರೆ ಮಾತ್ರ. ಎರಡನೆಯದು ಒಪ್ಪಂದವಿಲ್ಲದಿದ್ದರೂ, ನಷ್ಟವಾಗಿದ್ದರೂ ಸಲ್ಲಬೇಕಾದದ್ದು. ಆದರೆ ಮುಂಗಡ ಎಷ್ಟೇ ದೊಡ್ಡದಿರಲಿ, ಅದು ಲಾಭದ ಪಾಲನ್ನು ಹಿಗ್ಗಿಸುವುದಿಲ್ಲ.

ಇಷ್ಟೆಲ್ಲ ನಿಂತಿರುವುದು “ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ” ಎಂಬ ಒಂದು ಷರತ್ತಿನ ಮೇಲೆ. ಆದ್ದರಿಂದ ನಿಜವಾದ ವ್ಯಾಜ್ಯದಲ್ಲಿ ಕಲಂಗಿಂತ ಸಾಕ್ಷ್ಯದ ಮೇಲೆಯೇ ಹೆಚ್ಚು ಹೋರಾಟ ನಡೆಯುತ್ತದೆ. ಸಮಪಾಲು ಅಲ್ಲ ಎನ್ನುವವನೇ ಅದನ್ನು ರುಜುವಾತು ಮಾಡಬೇಕು. ಅಣ್ಣ ತನ್ನ ಫೋನಿನಲ್ಲಿದ್ದ ಒಂದು ವಾಟ್ಸಾಪ್ ಸಂದೇಶವನ್ನು ಮುಂದಿಡುತ್ತಾನೆ. ಗಾಣ ಶುರುವಾಗುವ ಮುಂಚೆ ಅವನು, “ಲೆಕ್ಕ ಎಲ್ಲ ಬಂಡವಾಳದ ಪ್ರಕಾರ ನೋಡಿಕೊಳ್ಳೋಣ” ಎಂದು ಬರೆದಿದ್ದ. ತಮ್ಮ, “ಆಗಲಿ ಅಣ್ಣ, ಮೊದಲು ಗಾಣ ಬರಲಿ” ಎಂದಿದ್ದ.

ಇದು ಒಪ್ಪಂದವೇ? 11ನೇ ಕಲಂ ಪ್ರಕಾರ ಪಾಲುದಾರರ ಒಪ್ಪಂದ ಸ್ಪಷ್ಟ ಮಾತಿನಲ್ಲಿ ಇರಬಹುದು, ಅವರು ನಡೆದುಕೊಂಡ ರೀತಿಯಿಂದಲೂ ಹೊರಡಬಹುದು. ಹಾಗಾಗಿ ವಾಟ್ಸಾಪ್ ಸಂದೇಶ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ತೊಡಕು ಇರುವುದು ಅದರ ಅರ್ಥದಲ್ಲಿ. ಬಂಡವಾಳದ ಪ್ರಕಾರ ನೋಡಿಕೊಳ್ಳುವುದು ಎಂದರೆ ಲಾಭವನ್ನು ಆ ಪ್ರಮಾಣದಲ್ಲಿ ಹಂಚುವುದೇ, ಅಥವಾ ಮುಂದೊಂದು ದಿನ ಮುಚ್ಚಿದರೆ ಹಾಕಿದ್ದನ್ನು ಅವರವರಿಗೆ ಹಿಂದಿರುಗಿಸುವುದೇ? ಎರಡು ಅರ್ಥವೂ ಕೂಡುತ್ತದೆ. ಯಾವ ಅರ್ಥವನ್ನೂ ಖಚಿತಪಡಿಸಲಾಗದ ಒಪ್ಪಂದ ಊರ್ಜಿತವಲ್ಲ ಎಂದು 1872ರ ಭಾರತೀಯ ಕರಾರು ಕಾಯಿದೆಯ 29ನೇ ಕಲಂ ಹೇಳುತ್ತದೆ. ತಮ್ಮನ ಉತ್ತರವೂ ಒಪ್ಪಿಗೆಗಿಂತ ಮುಂದೂಡಿಕೆಯಂತೆ ಓದಿಸಿಕೊಳ್ಳುತ್ತದೆ. ಬೇರೆ ಆಧಾರ ಇಲ್ಲದಿದ್ದರೆ, ಇಷ್ಟರಿಂದ ಎಂಬತ್ತು ಇಪ್ಪತ್ತನ್ನು ಸಾಧಿಸುವುದು ಅಣ್ಣನಿಗೆ ಕಷ್ಟ. “ಲಾಭ ನಷ್ಟ ಎರಡೂ 80:20” ಎಂದು ಅವನು ಬರೆದು ತಮ್ಮ “ಸರಿ” ಎಂದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ತಮ್ಮನ ಕಡೆಯ ಸಾಕ್ಷ್ಯ ತಿಂಗಳ 15,000 ರೂಪಾಯಿ. ಅಣ್ಣನಿಗೆ ಗೊತ್ತಿದ್ದೇ ತೆಗೆದುಕೊಂಡದ್ದು, ಅವನು ಒಮ್ಮೆಯೂ ಬೇಡವೆನ್ನಲಿಲ್ಲ, ಆದ್ದರಿಂದ ಅದು ಸಂಬಳವೇ ಎಂಬುದು ಅವನ ಮಾತು. ನಡವಳಿಕೆಯಿಂದ ಒಪ್ಪಂದ ಹೊರಡುತ್ತದೆ ಎಂಬ ನಿಯಮ ಅವನಿಗೆ ನೆರವಾಗಬಹುದಿತ್ತು. ಆದರೆ ಪುಸ್ತಕ ಬೇರೆಯದನ್ನು ಹೇಳುತ್ತದೆ. ಡ್ರಾಯಿಂಗ್ಸ್ ಖಾತೆ ಎಂದರೆ ಮುಂದೆ ಬರಲಿರುವ ಲಾಭದ ಪಾಲಿನಿಂದ ಮುಂಚಿತವಾಗಿ ತೆಗೆದ ಹಣ. ಅದೇ ಮೊತ್ತವನ್ನು ಸಂಸ್ಥೆಯ ಖರ್ಚಿನ ಬದಿಯಲ್ಲಿ ಪಾಲುದಾರರ ಸಂಬಳ ಎಂದು ಬರೆದು, ಆ ಲೆಕ್ಕಕ್ಕೆ ಅಣ್ಣನೂ ಸಹಿ ಹಾಕಿದ್ದರೆ, ಸಂಬಳದ ಒಪ್ಪಂದವಿತ್ತು ಎನ್ನಲು ಗಟ್ಟಿ ಆಧಾರ ಸಿಗುತ್ತಿತ್ತು. ಲೆಕ್ಕ ಬರೆಯುವವರು ಯಾವ ತಲೆಬರಹದ ಕೆಳಗೆ ಒಂದು ಮೊತ್ತವನ್ನು ಬರೆಯುತ್ತಾರೆ ಎಂಬುದನ್ನು ಪಾಲುದಾರರು ಗಮನಿಸುವುದು ಅಪರೂಪ. ವ್ಯಾಜ್ಯ ಬಂದಾಗ ಮೊದಲು ತೆರೆಯುವುದು ಅದೇ ಪುಟ. ಆ ಪುಸ್ತಕಗಳನ್ನು ನೋಡುವ, ನಕಲು ಮಾಡಿಕೊಳ್ಳುವ ಹಕ್ಕು ಬೆಂಗಳೂರಿನಲ್ಲಿ ಕುಳಿತ ಅಣ್ಣನಿಗೂ 12ನೇ ಕಲಂ ಪ್ರಕಾರ ಇದ್ದೇ ಇದೆ.

ಇಲ್ಲಿಯವರೆಗಿನದು ಲಾಭದ ಮಾತು. ಸಮಪಾಲಿನ ನಿಯಮದ ಪೂರ್ತಿ ಬಿಸಿ ತಟ್ಟುವುದು ನಷ್ಟದಲ್ಲಿ. ಜಗಳ ಬೆಳೆದು ಗಾಣವನ್ನೇ ಮುಚ್ಚಿದರು ಎಂದುಕೊಳ್ಳಬಹುದು. ಎಷ್ಟು ಕಾಲ ನಡೆಸಬೇಕು, ಹೇಗೆ ಮುಗಿಸಬೇಕು ಎಂದು ಮಾತಾಗಿಲ್ಲವಾದ್ದರಿಂದ 7ನೇ ಕಲಂ ಪ್ರಕಾರ ಇದು ಇಚ್ಛಾನುಸಾರದ ಪಾಲುದಾರಿಕೆ. ಯಾರಾದರೊಬ್ಬ ಲಿಖಿತ ನೋಟಿಸು ಕೊಟ್ಟು ಅದನ್ನು ವಿಸರ್ಜಿಸಬಹುದು ಎಂದು 43ನೇ ಕಲಂ ಹೇಳುತ್ತದೆ. ವಿಸರ್ಜನೆಯಾದ ಮೇಲೆ ಹಣ ಹಂಚುವ ಕ್ರಮ 48ನೇ ಕಲಂನಲ್ಲಿದೆ. ಮೊದಲು ಹೊರಗಿನವರ ಸಾಲ ತೀರಬೇಕು. ಆಮೇಲೆ ಪಾಲುದಾರರ ಮುಂಗಡ, ಅಂದರೆ ಅಣ್ಣನ ಎರಡು ಲಕ್ಷ. ಆಮೇಲೆ ಬಂಡವಾಳ. ಏನಾದರೂ ಮಿಕ್ಕರೆ ಅದು ಲಾಭದ ಪ್ರಮಾಣದಲ್ಲಿ ಹಂಚಿಕೆ.

ಹಳೆಯ ಯಂತ್ರಕ್ಕೆ ಹೊಸ ಯಂತ್ರದ ಬೆಲೆ ಬರುವುದಿಲ್ಲ. ವರ್ಷದ ಲಾಭವನ್ನು ಇಬ್ಬರೂ ತೆಗೆದುಕೊಂಡು, ಎಲ್ಲವನ್ನೂ ಮಾರಿ, ಸಾಲ ಮತ್ತು ಮುಂಗಡ ತೀರಿಸಿದ ಮೇಲೆ ಕೈಯಲ್ಲಿ 9 ಲಕ್ಷ ಉಳಿಯಿತು ಎಂದಿಟ್ಟುಕೊಂಡರೆ, ಹದಿನೈದು ಲಕ್ಷದ ಬಂಡವಾಳದಲ್ಲಿ 6 ಲಕ್ಷ ಕರಗಿದೆ. ಬಂಡವಾಳದ ಕೊರತೆಯೂ ನಷ್ಟವೇ, ಅದನ್ನು ಲಾಭ ಹಂಚಿಕೊಳ್ಳುವ ಪ್ರಮಾಣದಲ್ಲೇ ಹೊರಬೇಕು. ಸಮಪಾಲಿನಲ್ಲಿ ಒಬ್ಬೊಬ್ಬರಿಗೆ ಮೂರು ಲಕ್ಷ. ಅಣ್ಣನ ಹನ್ನೆರಡರಲ್ಲಿ ಮೂರು ಕಳೆದು ಅವನಿಗೆ ಒಂಬತ್ತು ಲಕ್ಷ ಸಿಗುತ್ತದೆ. ತಮ್ಮನ ಮೂರರಲ್ಲಿ ಮೂರು ಕಳೆದು ಅವನಿಗೆ ಏನೂ ಇಲ್ಲ. ಉಳಿದ ಅಷ್ಟೂ ಹಣ ಅಣ್ಣನ ಪಾಲಾಗುತ್ತದೆ.

ಉಳಿದದ್ದು 7 ಲಕ್ಷ ಮಾತ್ರ ಆಗಿದ್ದರೆ ತಮ್ಮನ ಸ್ಥಿತಿ ಇನ್ನೂ ಕಠಿಣ. ಕೊರತೆ ಎಂಟು ಲಕ್ಷ, ಒಬ್ಬೊಬ್ಬರಿಗೆ ನಾಲ್ಕು. ತಮ್ಮ ಹಾಕಿದ್ದು ಮೂರೇ, ಆದ್ದರಿಂದ ಇನ್ನೊಂದು ಲಕ್ಷವನ್ನು ಅವನು ಮನೆಯಿಂದ ತಂದು ಅಣ್ಣನ ಬಂಡವಾಳದ ಲೆಕ್ಕಕ್ಕೆ ತುಂಬಬೇಕು. ಅಣ್ಣ ಪಟ್ಟು ಹಿಡಿದಿದ್ದ ಎಂಬತ್ತು ಇಪ್ಪತ್ತರ ಲೆಕ್ಕವನ್ನು ಇದೇ ಜಾಗದಲ್ಲಿಟ್ಟು ನೋಡಿದರೆ ಚಿತ್ರ ಮಗುಚುತ್ತದೆ. ಒಂಬತ್ತು ಲಕ್ಷ ಉಳಿದಾಗ ಆರು ಲಕ್ಷದ ನಷ್ಟದಲ್ಲಿ ಅಣ್ಣನಿಗೆ 4,80,000, ತಮ್ಮನಿಗೆ 1,20,000. ಅಣ್ಣನಿಗೆ ಸಿಗುವುದು 7,20,000, ತಮ್ಮನಿಗೆ 1,80,000. ಲಾಭದಲ್ಲಿ ತಮ್ಮನಿಗೆ ಅನುಕೂಲವಾದ ಸಮಪಾಲು ಮುಚ್ಚುವ ದಿನ ಅವನನ್ನು ಬರಿಗೈ ಮಾಡುತ್ತದೆ. ಲಾಭದಲ್ಲಿ ಅಣ್ಣನಿಗೆ ಹಿಗ್ಗು ತರುವ ಎಂಬತ್ತು ಅದೇ ದಿನ ಅವನಿಗೆ ಭಾರವಾಗುತ್ತದೆ. ಲಾಭದ ಪ್ರಮಾಣವನ್ನು ಮಾತ್ರ ಹೇಳಿ ನಷ್ಟದ ಬಗ್ಗೆ ಸುಮ್ಮನಿದ್ದರೆ, ನಷ್ಟವೂ ಅದೇ ಪ್ರಮಾಣದಲ್ಲಿ ಎಂದೇ ಸಾಮಾನ್ಯವಾಗಿ ಊಹಿಸಲಾಗುತ್ತದೆ. ಲಾಭಕ್ಕೊಂದು ನಷ್ಟಕ್ಕೊಂದು ಪ್ರಮಾಣ ಬೇಕೆಂದರೆ ಹಾಗೆ ಒಪ್ಪಿಕೊಳ್ಳಲು ಅಡ್ಡಿಯಿಲ್ಲ, ಆದರೆ ಅದನ್ನು ಬಿಡಿಸಿ ಬರೆಯಬೇಕು. ಅದು ಅವರಿಬ್ಬರ ನಡುವೆ ಮಾತ್ರ ನಡೆಯುತ್ತದೆ. ಶೇಂಗಾ ಸಾಲ ಕೊಟ್ಟ ಮಂಡಿಯವರು 25ನೇ ಕಲಂ ಪ್ರಕಾರ ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. ಗಾಣದ ಕಡೆ ತಲೆಹಾಕದ ಅಣ್ಣನೂ ಇದರಿಂದ ಹೊರಗಿಲ್ಲ.

ಒಬ್ಬ ಇನ್ನೊಬ್ಬನ ಮೇಲೆ ದಾವೆ ಹೂಡಬಹುದೇ ಎಂಬ ಪ್ರಶ್ನೆಗೆ ಉತ್ತರ ಬೇರೊಂದು ಕಚೇರಿಯಲ್ಲಿದೆ. ಪಾಲುದಾರಿಕೆ ಸಂಸ್ಥೆಯ ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸದವರಿಗೆ 69ನೇ ಕಲಂ ನ್ಯಾಯಾಲಯದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಸಂಸ್ಥೆ ನಡೆಯುತ್ತಿರುವಾಗ “ನನ್ನ ಪಾಲಿನ ಲಾಭ ಕೊಡಿಸಿ” ಎಂದು ನೋಂದಣಿಯಾಗದ ಸಂಸ್ಥೆಯ ಪಾಲುದಾರ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡುವಂತಿಲ್ಲ. ಅವನ ಹಕ್ಕು ಸತ್ತಿರುವುದಿಲ್ಲ, ಅದನ್ನು ಜಾರಿ ಮಾಡಿಸುವ ದಾರಿ ಮಾತ್ರ ಇರುವುದಿಲ್ಲ. ವಿಸರ್ಜನೆ ಕೇಳಲು, ವಿಸರ್ಜಿತ ಸಂಸ್ಥೆಯ ಲೆಕ್ಕ ಕೇಳಲು ಈ ತಡೆ ಇಲ್ಲ. ಚಳ್ಳಕೆರೆಯ ಅಣ್ಣತಮ್ಮಂದಿರಿಗೆ ಇದರ ಅರ್ಥ ಕಟುವಾದದ್ದು: 2,70,000 ರೂಪಾಯಿಗೆ ನ್ಯಾಯಾಲಯಕ್ಕೆ ಹೋಗಬೇಕೆಂದರೆ ಮೊದಲು ಗಾಣವನ್ನು ಮುಚ್ಚಲು ಸಿದ್ಧರಾಗಬೇಕು, ಇಲ್ಲವೇ ಇಬ್ಬರೂ ಸಹಿ ಹಾಕಿ ಸಂಸ್ಥೆಯನ್ನು ನೋಂದಾಯಿಸಬೇಕು. ನೋಂದಣಿ ದಾವೆಗೆ ಮುಂಚೆಯೇ ಆಗಿರಬೇಕು. ಮುಚ್ಚಿದ ಮೇಲೆ ಲೆಕ್ಕ ಕೇಳುವ ದಾವೆಗೆ ಮೂರು ವರ್ಷಗಳ ಕಾಲಮಿತಿ ಇದೆ.

ಅಣ್ಣತಮ್ಮ ಅಷ್ಟು ದೂರ ಹೋಗಲಿಲ್ಲ. ಲೆಕ್ಕವನ್ನು ಒಬ್ಬ ವಕೀಲರ ಮುಂದಿಟ್ಟರು. ಮುಚ್ಚಿದರೆ ಯಾರಿಗೆ ಎಷ್ಟು ಎಂಬ ಹಾಳೆಯನ್ನು ಅವರು ಬರೆದು ತೋರಿಸಿದಾಗ ಇಬ್ಬರೂ ಸ್ವಲ್ಪ ಹೊತ್ತು ತಮ್ಮ ಹಳೆಯ ಪಟ್ಟನ್ನು ಎತ್ತಲಿಲ್ಲ. ಕಳೆದ ವರ್ಷದ ಲಾಭಕ್ಕೆ ಕಾಯಿದೆಯ ಸಮಪಾಲನ್ನೇ ಒಪ್ಪಿದರು. ಮುಂದಿನ ವರ್ಷಕ್ಕೆ ಪತ್ರ ಬರೆಸುವಾಗ ಚರ್ಚೆಯ ದಿಕ್ಕೇ ಬದಲಾಯಿತು. ಹಣಕ್ಕೆ, ದುಡಿಮೆಗೆ, ಹೊಣೆಗೆ ಎಂದು ಲಾಭವನ್ನು ಮೂರು ತುಂಡು ಮಾಡಿದರೆ ಇಬ್ಬರ ವಾದಕ್ಕೂ ಜಾಗ ಸಿಗುತ್ತದೆ. ಬಂಡವಾಳದ ಮೇಲೆ ಶೇಕಡಾ 8ರ ಬಡ್ಡಿ, ತಮ್ಮನಿಗೆ ತಿಂಗಳಿಗೆ 18,000 ರೂಪಾಯಿ ಸಂಬಳ, ಉಳಿದದ್ದು ಅರ್ಧರ್ಧ ಎಂದಾಯಿತು.

ತೆರಿಗೆಯ ವ್ಯತ್ಯಾಸವನ್ನು ಬದಿಗಿಟ್ಟು, ಮತ್ತೆ 5,40,000 ರೂಪಾಯಿಯೇ ಬಂದರೆ ಏನಾಗುತ್ತದೆ ಎಂದು ವಕೀಲರು ಲೆಕ್ಕ ಹಾಕಿದರು. ಸಂಬಳ 2,16,000. ಬಡ್ಡಿ 1,20,000, ಅದರಲ್ಲಿ ಅಣ್ಣನಿಗೆ 96,000, ತಮ್ಮನಿಗೆ 24,000. ಉಳಿಯುವ 2,04,000ದಲ್ಲಿ ಒಬ್ಬೊಬ್ಬರಿಗೆ 1,02,000. ಒಟ್ಟಾರೆ ಅಣ್ಣನಿಗೆ 1,98,000, ತಮ್ಮನಿಗೆ 3,42,000. ಅಣ್ಣನ ಹನ್ನೆರಡು ಲಕ್ಷಕ್ಕೆ ಇದು ನೂರಕ್ಕೆ ಹದಿನಾರೂವರೆ ಆಯಿತು. ಮೊದಲು ಕೇಳಿದ್ದಕ್ಕಿಂತ ಬಹಳ ಕಡಿಮೆ, ಆದರೆ ಮನೆಯಲ್ಲಿ ಕುಳಿತು ಪಡೆಯುವ ಆದಾಯವಾಗಿ ಅವನಿಗೆ ಒಪ್ಪಿಗೆಯಾಯಿತು.

ಅವನ ಅಳುಕು ಕೆಟ್ಟ ವರ್ಷದ ಬಗ್ಗೆ. ಎರಡು ಲಕ್ಷ ಮಾತ್ರ ಉಳಿದರೆ 2,16,000ದ ಸಂಬಳವೇ ಲಾಭವನ್ನು ನುಂಗಿ, ಸಂಸ್ಥೆಗೆ 16,000 ನಷ್ಟ ಮಾಡುತ್ತದೆ. ಬಡ್ಡಿ ಲಾಭದಿಂದ ಮಾತ್ರ ಸಿಗುವಂಥದ್ದು, ಹಾಗಾಗಿ ಅಣ್ಣನಿಗೆ ಬಡ್ಡಿ ಇಲ್ಲ, ಮೇಲೆ 8,000ದ ನಷ್ಟ ಬೇರೆ. ಹೊಸದಾಗಿ ಪತ್ರ ಬರೆಸುವವರು ಮರೆಯುವ ಮುಖ್ಯ ಸಂಗತಿ ಇದೇ: ಸಂಬಳ, ಬಡ್ಡಿ ಎಂದು ಬರೆದರೆ ಸಾಲದು, ಹಣ ಸಾಕಾಗದಿದ್ದಾಗ ಯಾವುದು ಮೊದಲು ಎಂಬುದನ್ನೂ ಬರೆಯಬೇಕು. ಕೊನೆಗೆ ಹೀಗೆ ಗೊತ್ತಾಯಿತು. ಸಂಬಳದಲ್ಲಿ ತಿಂಗಳಿಗೆ 12,000 ಲಾಭವಿರಲಿ ಬಿಡಲಿ ಸಲ್ಲಬೇಕು. ಆಮೇಲೆ ಬಂಡವಾಳದ ಬಡ್ಡಿ. ಸಂಬಳದ ಉಳಿದ 6,000 ವರ್ಷದ ಕೊನೆಯಲ್ಲಿ, ಬಡ್ಡಿ ಕೊಟ್ಟ ಮೇಲೆ ಲಾಭ ಮಿಕ್ಕರೆ ಮಾತ್ರ. ಈ ಕ್ರಮದಲ್ಲಿ ಎರಡು ಲಕ್ಷದ ವರ್ಷದಲ್ಲಿ 1,44,000 ಸಂಬಳಕ್ಕೆ ಹೋಗಿ, ಉಳಿದ 56,000 ಬಡ್ಡಿಯ ಲೆಕ್ಕಕ್ಕೆ ಬರುತ್ತದೆ. ನಾಲ್ಕಕ್ಕೆ ಒಂದರಂತೆ ಅಣ್ಣನಿಗೆ 44,800, ತಮ್ಮನಿಗೆ 11,200.

ನಷ್ಟದ ಕಲಂನಲ್ಲಿ ವ್ಯಾಪಾರದ ನಷ್ಟ ಅರ್ಧರ್ಧ, ಮುಚ್ಚುವಾಗ ಬರುವ ಬಂಡವಾಳದ ಕೊರತೆ ಮಾತ್ರ ಬಂಡವಾಳದ ಪ್ರಮಾಣದಲ್ಲಿ ಎಂದು ಬರೆಸಿದರು. ಇದು ತಮ್ಮ ಕೇಳಿ ಪಡೆದದ್ದು, ಮೂರು ಲಕ್ಷವೂ ಹೋಗಿ ಮನೆಯಿಂದ ಇನ್ನೊಂದು ಲಕ್ಷ ತರುವ ಚಿತ್ರ ಅವನ ಕಣ್ಣಿಗೆ ಕಟ್ಟಿತ್ತು. ಅಣ್ಣ ಅದಕ್ಕೆ ಬದಲಾಗಿ, ಇನ್ನು ಮುಂದೆ ಯಾರೇ ಹೆಚ್ಚುವರಿ ಹಣ ಹಾಕಿದರೂ ಅದು ಮುಂಗಡವೋ ಬಂಡವಾಳವೋ ಎಂದು ಹಾಕಿದ ದಿನವೇ ಬರೆದು ಇಬ್ಬರೂ ಸಹಿ ಮಾಡಬೇಕು, ಮುಂಗಡಕ್ಕೆ ಶೇಕಡಾ 9 ಬಡ್ಡಿ ಎಂಬ ಷರತ್ತನ್ನು ಸೇರಿಸಿದ. ಕಾಯಿದೆಯ ಆರು ಕೂಡ ಬೇರೆ ಒಪ್ಪಂದವಿಲ್ಲದಾಗ ಮಾತ್ರ ಅನ್ವಯಿಸುವ ದರ.

ಸಂಬಳ ಮತ್ತು ಬಡ್ಡಿಯನ್ನು ಪತ್ರದಲ್ಲಿ ಬರೆಯುವುದಕ್ಕೆ ತೆರಿಗೆಯ ಕಾರಣವೂ ಇದೆ. ದುಡಿಯುವ ಪಾಲುದಾರನ ಸಂಬಳವನ್ನೂ, ಗರಿಷ್ಠ ಶೇಕಡಾ 12ರವರೆಗಿನ ಬಡ್ಡಿಯನ್ನೂ ಸಂಸ್ಥೆ ತನ್ನ ಆದಾಯದಿಂದ ಖರ್ಚೆಂದು ಕಳೆಯಬೇಕಾದರೆ ಅವಕ್ಕೆ ಪತ್ರದ ಆಧಾರ ಇರಲೇಬೇಕು. ಸಂಬಳಕ್ಕೂ ಆದಾಯ ತೆರಿಗೆ ಕಾನೂನು ಒಂದು ಮಿತಿ ಹಾಕಿದೆ.

ಪತ್ರವನ್ನು ಮುದ್ರಾಂಕ ಕಾಗದದ ಮೇಲೆ ಬರೆಸಿ, ಸಂಸ್ಥೆಯನ್ನು ನೋಂದಾಯಿಸಲು ಇಬ್ಬರೂ ಸಹಿ ಹಾಕಿದ ಹೇಳಿಕೆಯನ್ನು ಸಂಸ್ಥೆಗಳ ರಿಜಿಸ್ಟ್ರಾರರಿಗೆ ಸಲ್ಲಿಸಿದರು. 58ನೇ ಕಲಂ ಆ ಹೇಳಿಕೆಯಲ್ಲಿ ಕೇಳುವುದು ಸಂಸ್ಥೆಯ ಹೆಸರು, ವ್ಯಾಪಾರದ ಸ್ಥಳಗಳು, ಪಾಲುದಾರರ ಹೆಸರು ಮತ್ತು ಕಾಯಂ ವಿಳಾಸ, ಅವರು ಸೇರಿದ ದಿನಾಂಕ, ಸಂಸ್ಥೆಯ ಅವಧಿ ಇಷ್ಟನ್ನೇ. ಯಾರಿಗೆ ಎಷ್ಟು ಪಾಲು ಎಂದು ಆ ಕಲಂ ಕೇಳುವುದಿಲ್ಲ. ನೋಂದಣಿ ನ್ಯಾಯಾಲಯದ ಬಾಗಿಲು ತೆರೆಯುತ್ತದೆ, ಒಳಗೆ ಹೋದ ಮೇಲೆ ಪಾಲಿನ ಪ್ರಮಾಣವನ್ನು ತೋರಿಸಬೇಕಾದದ್ದು ಪತ್ರವೇ. ಆ ಪ್ರಮಾಣವನ್ನು ಮುಂದೆ ಬದಲಿಸಬೇಕೆಂದರೆ ಇಬ್ಬರ ಒಪ್ಪಿಗೆಯೂ ಬೇಕು. ನಡವಳಿಕೆಯಿಂದಲೂ ಬದಲಾವಣೆ ಆಗಬಹುದೆಂದು 11ನೇ ಕಲಂ ಹೇಳುವುದರಿಂದ, ಇಬ್ಬರ ಸಹಿ ಇರುವ ಬರಹದಿಂದಲ್ಲದೆ ಪಾಲು ಬದಲಾಗತಕ್ಕದ್ದಲ್ಲ ಎಂಬ ಸಾಲನ್ನು ವಕೀಲರು ಪತ್ರದ ಕೊನೆಯಲ್ಲಿ ಸೇರಿಸಿದರು.